ಮೈನಸ್ ಮೂವತ್ತಾರು ವೋಲ್ಟ್ ಎಂಬ ನಂಬಿಕೆ

ಮಲ್ಲೇಶ್ವರದ ಗೆಳೆಯನೊಬ್ಬನ ಬಳಿ 1980ರ ದಶಕದ ಮಾರ್ಷಲ್ ಜೆಸಿಎಂ800 ಇದೆ. 2204 ಎಂಬ ನಂಬರಿನ, ಐವತ್ತು ವಾಟ್‌ನ ಹೆಡ್. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಕೊಂಡದ್ದು. ಊರಿಗೆ ಮರಳುವಾಗ ಬಟ್ಟೆಬರೆ ಅಲ್ಲೇ ಬಿಟ್ಟು ಇದನ್ನು ಹೊತ್ತು ತಂದ. ಕಳೆದ ವರ್ಷ ದನಿ ಮಂಕಾಗಿದೆ ಅನ್ನಿಸಿ ಹೊಸ ಇಎಲ್34 ವಾಲ್ವ್ ಜೋಡಿಯೊಂದನ್ನು ತರಿಸಿದ. ಮನುಷ್ಯ ಜಾಗರೂಕ. ಹಳೆಯವನ್ನು ಕೀಳುವ ಮುನ್ನ ಬಯಾಸ್ ವೋಲ್ಟೇಜ್ ಅಳೆದು ಬರೆದಿಟ್ಟುಕೊಂಡ: ಮೈನಸ್ 36.2. ಹೊಸವನ್ನು ಕೂರಿಸಿದ ಮೇಲೆ ಮತ್ತೆ ಅಳೆದ. ಅಷ್ಟೇ ಇತ್ತು. ಸರಿಯಾಗಿದೆ ಎಂದು ಮುಚ್ಚಳ ಹಾಕಿದ.

ಮೊದಲ ಅರ್ಧ ಗಂಟೆ ಆಂಪ್ ಹಿಂದೆಂದೂ ಇಲ್ಲದಷ್ಟು ತುಂಬಿ ನುಡಿಯಿತಂತೆ. ಆಮೇಲೆ ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಯಿತು. ಕೋಣೆಯ ದೀಪ ಆರಿಸಿ ಹಿಂದಿನಿಂದ ಇಣುಕಿದರೆ ಒಂದು ವಾಲ್ವ್‌ನ ಬೂದು ಪ್ಲೇಟಿನ ಮೇಲೆ ಹೆಬ್ಬೆರಳ ಉಗುರಿನಷ್ಟಗಲ ಮಾಸಲು ಕೆಂಪು. ಹೀಟರ್‌ನ ಕಿತ್ತಳೆ ಬೆಳಕು ಒಳಗಿನಿಂದ ಬರುತ್ತದೆ, ಅದು ಇರಬೇಕಾದದ್ದೇ. ಹೊರಗಿನ ಲೋಹದ ಗೋಡೆಯೇ ಕೆಂಪಗಾದರೆ ಅದು ಕಾದ ಕಾವಲಿ. ಆ ಕ್ಷಣವೇ ಆಫ್ ಮಾಡಬೇಕು. ಅವನು ಮಾಡಿದ, ಆಂಪ್ ಉಳಿಯಿತು.

ಅವನ ತಪ್ಪು ಎಲ್ಲಿ? ವೋಲ್ಟೇಜನ್ನೇ ಬಯಾಸ್ ಎಂದುಕೊಂಡದ್ದರಲ್ಲಿ. ಇಪ್ಪತ್ತು ವರ್ಷ ನುಡಿಸಿದವರಲ್ಲೂ ಈ ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ. ಕಂಟ್ರೋಲ್ ಗ್ರಿಡ್‌ಗೆ ಕೊಡುವ ಮೈನಸ್ ವೋಲ್ಟೇಜ್ ಒಂದು ನಲ್ಲಿ ಇದ್ದ ಹಾಗೆ. ನಲ್ಲಿ ಎಷ್ಟು ತಿರುಗಿದೆ ಎಂಬುದರಿಂದ ನೀರೆಷ್ಟು ಬರುತ್ತಿದೆ ಎಂದು ಹೇಳಲಾಗದು. ಅದು ಪೈಪಿನ ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಸವೆದ ವಾಲ್ವ್‌ನ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಜಿಪುಣತನದಿಂದ ಬಿಡುತ್ತದೆ. ಅದೇ ಮೈನಸ್ 36.2ಕ್ಕೆ ಗೆಳೆಯನ ಹಳೆಯ ಜೋಡಿ ಎಳೆಯುತ್ತಿದ್ದದ್ದು 30 ಮತ್ತು 33 ಮಿಲಿಆಂಪ್. ಹೊಸ ಜೋಡಿ ಎಳೆದದ್ದು 52 ಮತ್ತು 49. ಆಂಪನ್ನು ನನ್ನ ಮೇಜಿಗೆ ತಂದ ದಿನ ನಾನು ಅಳೆದ ಅಂಕಿಗಳಿವು. ನಾವು ಹೊಂದಿಸುವುದು ವಾಲ್ವ್ ಸುಮ್ಮನೆ ಕೂತಿದ್ದಾಗ ಪ್ಲೇಟ್ ಎಷ್ಟು ಶಾಖವನ್ನು ತಾಳಿಕೊಳ್ಳುತ್ತಿದೆ ಎಂಬುದನ್ನು. ಅದು ವಾಟಿನ ಲೆಕ್ಕ. ಪ್ಲೇಟ್ ವೋಲ್ಟೇಜನ್ನು ಪ್ಲೇಟ್ ಕರೆಂಟಿನಿಂದ ಗುಣಿಸಿದರೆ ಬರುವುದು. ಗ್ರಿಡ್ಡಿನ ಮೈನಸ್ ವೋಲ್ಟೇಜ್ ಆ ಗುಣಾಕಾರದಲ್ಲಿ ಎಲ್ಲೂ ಬರುವುದಿಲ್ಲ.

ಇಎಲ್34ರ ಪ್ಲೇಟಿಗೆ ತಯಾರಕರು ಕೊಟ್ಟಿರುವ ಗರಿಷ್ಠ ಮಿತಿ 25 ವಾಟ್. 6ಎಲ್6ಜಿಸಿಗೆ 30. ಮಾರ್ಷಲ್‌ನಂಥ ಕ್ಲಾಸ್ ಎಬಿ ಆಂಪ್‌ಗಳಲ್ಲಿ ಎರಡು ವಾಲ್ವ್‌ಗಳು ತರಂಗದ ಅರ್ಧರ್ಧವನ್ನು ಹಂಚಿಕೊಂಡು ಎತ್ತುತ್ತವೆ, ನಡುವೆ ಸ್ವಲ್ಪ ಹೊತ್ತು ಇಬ್ಬರ ಕೈಯೂ ಸೇರಿರುತ್ತದೆ. ಜೋರಾಗಿ ನುಡಿಸಿದಾಗ ಶಾಖ ಇನ್ನೂ ಏರುವುದರಿಂದ ಸುಮ್ಮನೆ ಕೂತಾಗ ಮಿತಿಯ ಶೇಕಡಾ 70ರೊಳಗೆ ಇರಲಿ ಎಂಬ ರೂಢಿ ಬಂದಿದೆ. ಇಎಲ್34ಕ್ಕೆ ಅದು 17.5 ವಾಟ್. ಈ ಎಪ್ಪತ್ತು ಮೇಲ್ಛಾವಣಿ ಅಷ್ಟೇ, ಮುಟ್ಟಲೇಬೇಕಾದ ಗುರಿಯಲ್ಲ. ಎಪ್ಪತ್ತಕ್ಕೆ ಇಟ್ಟರೆ ಮಾತ್ರ ದನಿ ಬರುತ್ತದೆ ಎಂದು ಹೇಳುವವರ ಆಂಪನ್ನು ಅವರ ಕಣ್ಣು ಕಟ್ಟಿ ಅವರಿಗೇ ಕೇಳಿಸಿದರೆ 60 ಯಾವುದು 70 ಯಾವುದು ಎಂದು ಗುರುತಿಸುವುದು ಕಷ್ಟ.

ಗುಣಾಕಾರಕ್ಕೆ ಮುನ್ನ ಒಂದು ಕಳೆಯುವ ಲೆಕ್ಕವಿದೆ, ಹಲವರು ಅದನ್ನು ಬಿಡುತ್ತಾರೆ. ಕರೆಂಟ್ ಅಳೆಯಲು ಸುರಕ್ಷಿತ ದಾರಿ ಕ್ಯಾಥೋಡ್ ಬದಿಯದು. ಸಾಕೆಟ್ಟಿನ ಎಂಟನೇ ಪಿನ್ನಿಗೂ ಚಾಸಿಗೂ ನಡುವೆ ಒಂದು ಓಮ್‌ನ ನಿಖರವಾದ ರೆಸಿಸ್ಟರ್ ಬೆಸೆದರೆ ಅದರ ಮೇಲೆ ಬೀಳುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪ್. ಬೆಸುಗೆ ಬೇಡವೆನ್ನುವವರಿಗೆ ವಾಲ್ವ್‌ಗೂ ಸಾಕೆಟ್ಟಿಗೂ ನಡುವೆ ಕೂರುವ ಅಡಾಪ್ಟರ್ ಸಿಗುತ್ತದೆ. ಆದರೆ ಕ್ಯಾಥೋಡಿನಿಂದ ಹೊರಟ ಕರೆಂಟೆಲ್ಲ ಪ್ಲೇಟಿಗೆ ಹೋಗುವುದಿಲ್ಲ. ನಾಲ್ಕೈದು ಮಿಲಿಆಂಪ್ ಸ್ಕ್ರೀನ್ ಗ್ರಿಡ್ಡಿಗೆ ಸೋರುತ್ತದೆ. ಗೆಳೆಯನ ಆಂಪಿನಲ್ಲಿ 52ರಲ್ಲಿ 5 ಕಳೆದರೆ 47. ಪ್ಲೇಟಿನಲ್ಲಿ ಆಗ ಇದ್ದದ್ದು 460 ವೋಲ್ಟ್. ಗುಣಿಸಿದರೆ 21.6 ವಾಟ್, ಅಂದರೆ ಮಿತಿಯ ಶೇಕಡಾ 86. ಟ್ರಾನ್ಸ್‌ಫಾರ್ಮರಿನ ಮಧ್ಯದ ತಂತಿಗೂ ಪ್ಲೇಟಿಗೂ ಅಡ್ಡಲಾಗಿ ಮೀಟರನ್ನು ನೇರವಾಗಿ ಇಟ್ಟು ಪ್ಲೇಟ್ ಕರೆಂಟನ್ನೇ ಅಳೆಯುವ ಹಳೆಯ ಪದ್ಧತಿಯೂ ಇದೆ. ಅಲ್ಲಿ ಮೀಟರಿನ ಎರಡೂ ಮೊನೆ ನಾನೂರೈವತ್ತು ವೋಲ್ಟಿನ ಮೇಲೆ ಕೂತಿರುತ್ತವೆ. ಮೊನೆ ಜಾರಿದರೆ ಮೀಟರ್, ಟ್ರಾನ್ಸ್‌ಫಾರ್ಮರ್, ಕೈ, ಮೂರರಲ್ಲಿ ಒಂದಾದರೂ ಹೋಗುತ್ತದೆ. ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು.

ಶೇಕಡಾ 86ಕ್ಕೆ ಪ್ಲೇಟ್ ಕೆಂಪಾಗಬಾರದಲ್ಲ? ನನಗೂ ಅದೇ ಅನುಮಾನ ಬಂತು. ನನ್ನ ಮೇಜಿನ ಮೇಲೆ ಒಂದು ಗಂಟೆ ಇಟ್ಟರೂ ಕೆಂಪಾಗಲಿಲ್ಲ. ಉತ್ತರ ಸಿಕ್ಕಿದ್ದು ಅವನ ಮನೆಯ ಪ್ಲಗ್ ಪಾಯಿಂಟಿನಲ್ಲಿ. ನಾನು ಅಳೆದಾಗ ವೇರಿಯಾಕ್‌ನಿಂದ ಸರಿಯಾಗಿ 230 ವೋಲ್ಟ್ ಕೊಟ್ಟಿದ್ದೆ. ಅವನು ನುಡಿಸುವುದು ರಾತ್ರಿ ಹತ್ತರ ಮೇಲೆ, ಬೀದಿಯ ಲೋಡ್ ಇಳಿದಾಗ. ಆಗ ಅಲ್ಲಿ 246. ಮೈನ್ಸ್ ಶೇಕಡಾ ಏಳು ಏರಿದರೆ ಶಾಖವೂ ಏಳೇ ಏರುತ್ತದೆ ಎಂದುಕೊಂಡರೆ ಮೋಸ. ಪ್ಲೇಟ್ ವೋಲ್ಟೇಜ್ ಏರುತ್ತದೆ, ಸ್ಕ್ರೀನ್ ವೋಲ್ಟೇಜ್ ಏರುತ್ತದೆ, ಮೈನಸ್ ಬಯಾಸೂ ಜೊತೆಗೇ ಏರಿ ಸ್ವಲ್ಪ ತಡೆಯುತ್ತದೆ; ಎಲ್ಲ ಸೇರಿ ಕರೆಂಟ್ ಹೆಚ್ಚುಕಡಿಮೆ ಒಂದೂವರೆ ಘಾತದಲ್ಲಿ, ಶಾಖ ಎರಡೂವರೆ ಘಾತದಲ್ಲಿ ಏರುತ್ತದೆ. ಲೆಕ್ಕ ಹಾಕಿದರೆ 21.6 ವಾಟ್ ಹೋಗಿ ಇಪ್ಪತ್ತೈದೂವರೆಯ ಹತ್ತಿರ. ಮಿತಿ ದಾಟಿತು, ಪ್ಲೇಟ್ ಕೆಂಪಾಯಿತು. ಬಯಾಸ್ ಮಾಡುವವರು ಮೊದಲು ಅಳೆಯಬೇಕಾದದ್ದು ಗೋಡೆಯ ವೋಲ್ಟೇಜು. ಊರ ಜಾತ್ರೆಯಲ್ಲಿ ಜನರೇಟರಿನ ಮೇಲೆ ನುಡಿಸುವವರಾದರೆ ಇನ್ನೂ ಜಾಸ್ತಿ ಅಂತರ ಬಿಟ್ಟುಕೊಳ್ಳಬೇಕು.

ಇನ್ನು ಹೊಂದಿಸಿದ ಕ್ರಮ. ಆದರೆ ಮೊದಲು ಒಂದು ಮಾತು: ಚಾಸಿಯೊಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ನಾನೂರು ವೋಲ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತವೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಸೊನ್ನೆಗೆ ಬಂತೆಂದು ಮೀಟರಿನಲ್ಲಿ ಕಂಡ ಮೇಲೆ ಕೈ ಹಾಕುವ ಅಭ್ಯಾಸ ಇಲ್ಲದವರು ಇಲ್ಲಿಂದ ಮುಂದಿನದನ್ನು ಓದಲು ಮಾತ್ರ ಓದಿ, ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೆ ಕೊಡಿ. ಇನ್ನೊಂದು, ಸ್ಪೀಕರ್ ಅಥವಾ ಲೋಡ್ ಜೋಡಿಸದೆ ವಾಲ್ವ್ ಆಂಪನ್ನು ಎಂದೂ ಆನ್ ಮಾಡಬಾರದು.

ಔಟ್‌ಪುಟ್ ವಾಲ್ವ್ ಎರಡನ್ನೂ ಕಿತ್ತಿಟ್ಟು ಆನ್ ಮಾಡಿದೆ. ಎರಡೂ ಸಾಕೆಟ್ಟಿನ ಐದನೇ ಪಿನ್ನಿನಲ್ಲಿ ಮೈನಸ್ ವೋಲ್ಟೇಜ್ ಬರುತ್ತಿದೆಯೇ, ಎರಡೂ ಕಡೆ ಒಂದೇ ಇದೆಯೇ ಎಂದು ನೋಡಿದೆ. ಇಷ್ಟು ನೋಡದೆ ಹೊಸ ವಾಲ್ವ್ ಹಾಕುವುದು ಬಾವಿ ಇಣುಕದೆ ಹಗ್ಗ ಬಿಟ್ಟಂತೆ. ಒಂದು ಕಡೆ ಮೈನಸ್ 38, ಇನ್ನೊಂದು ಕಡೆ ಮೈನಸ್ 31 ಬಂದರೆ ಹಿಂದಿನ ಹಂತದಿಂದ ಸದ್ದನ್ನು ಸಾಗಿಸುವ 0.022 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೋರುತ್ತಿದೆ ಎಂದರ್ಥ. ಆ ಕಡೆಯ ಪ್ಲಸ್ ವೋಲ್ಟೇಜ್ ಗ್ರಿಡ್ಡಿಗೆ ನುಸುಳಿ ಮೈನಸ್ಸನ್ನು ತಿನ್ನುತ್ತದೆ. ನನ್ನದೇ ಪೆದ್ದುತನವೊಂದನ್ನು ಇಲ್ಲಿ ಹೇಳಬೇಕು. ವರ್ಷಗಳ ಹಿಂದೆ ಹೊಸ ಜೋಡಿಯಲ್ಲೊಂದು ಕೆಂಪಾಯಿತೆಂದು ಅಂಗಡಿಯವನ ಮೇಲೆ ಹರಿಹಾಯ್ದು ಬದಲಿ ಜೋಡಿ ಈಸಿಕೊಂಡೆ. ಅದರಲ್ಲೂ ಒಂದು ಕೆಂಪಾಯಿತು, ಅದೇ ಸಾಕೆಟ್ಟಿನಲ್ಲಿ. ತಪ್ಪು ಕೆಪಾಸಿಟರಿನದಾಗಿತ್ತು. ವಾಲ್ವ್ ಎರಡನ್ನೂ ಅದಲುಬದಲು ಮಾಡಿ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು: ಕೆಂಪು ವಾಲ್ವಿನ ಜೊತೆ ಹೋದರೆ ವಾಲ್ವ್ ಕೆಟ್ಟಿದೆ, ಸಾಕೆಟ್ಟಿನಲ್ಲೇ ಉಳಿದರೆ ಆಂಪ್ ಕೆಟ್ಟಿದೆ. ಆ ಅಂಗಡಿಯವನ ಕ್ಷಮೆ ಕೇಳಿದ್ದೇನೆ.

ಗೆಳೆಯನ ಆಂಪಿನಲ್ಲಿ ಎರಡೂ ಕಡೆ ಸಮವಾಗಿತ್ತು. ಒಳಗಿನ ಪ್ರಿಸೆಟ್ಟನ್ನು ಅತಿ ಹೆಚ್ಚು ಮೈನಸ್ಸಿಗೆ, ಅಂದರೆ ಅತಿ ತಂಪಿಗೆ ತಿರುಗಿಸಿಟ್ಟು, ಆಫ್ ಮಾಡಿ, ವಾಲ್ವ್ ಹಾಕಿ, ವಾಲ್ಯೂಮ್ ಸೊನ್ನೆಗಿಟ್ಟು ಆನ್ ಮಾಡಿದೆ. ನಿಧಾನವಾಗಿ ಬಿಸಿಯ ಕಡೆ ತಂದೆ. ಇಎಲ್34 ಈ ಜಾಗದಲ್ಲಿ ಒಂದು ವೋಲ್ಟಿಗೆ ಸುಮಾರು ಐದೂವರೆ ಮಿಲಿಆಂಪ್ ಆಡುತ್ತದೆ, ಆದ್ದರಿಂದ ಪ್ರಿಸೆಟ್ ತುಸು ಕದಲಿದರೂ ಅಂಕಿ ಓಡುತ್ತದೆ. ಇಲ್ಲೊಂದು ತಮಾಷೆಯಿದೆ. ಕರೆಂಟ್ ಇಳಿಸಿದರೆ ಪವರ್ ಟ್ರಾನ್ಸ್‌ಫಾರ್ಮರಿನ ಹೊರೆ ತಗ್ಗಿ ಪ್ಲೇಟ್ ವೋಲ್ಟೇಜ್ ಏರುತ್ತದೆ, ಏರಿಸಿದರೆ ಇಳಿಯುತ್ತದೆ. ಹಾಗಾಗಿ ಒಮ್ಮೆ ಅಳೆದ ವೋಲ್ಟೇಜನ್ನೇ ಕೊನೆಯವರೆಗೂ ನಂಬಬಾರದು, ಪ್ರತಿ ಸಲವೂ ಎರಡನ್ನೂ ಅಳೆಯಬೇಕು. ಶೇಕಡಾ 70ಕ್ಕೆ ತಂದಾಗ ಕ್ಯಾಥೋಡಿನಲ್ಲಿ 42 ಮಿಲಿಆಂಪ್ ಇತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವನ ಮನೆಯ 246 ವೋಲ್ಟ್ ನೆನಪಾಗಿ ಇನ್ನೂ ಇಳಿಸಿದೆ. ಕೊನೆಗೆ ನಿಂತದ್ದು: ಗ್ರಿಡ್ಡಿನಲ್ಲಿ ಮೈನಸ್ 38.7, ಪ್ಲೇಟಿನಲ್ಲಿ 468 ವೋಲ್ಟ್, ಕ್ಯಾಥೋಡುಗಳಲ್ಲಿ 38 ಮತ್ತು 36. ಸ್ಕ್ರೀನಿನ ನಾಲ್ಕೂವರೆ ಕಳೆದರೆ ಬಿಸಿಯಾದ ವಾಲ್ವ್‌ನಲ್ಲಿ 15.7 ವಾಟ್, ಶೇಕಡಾ 63. ರಾತ್ರಿ ಅವನ ಮನೆಯಲ್ಲಿ ಅದು ಹದಿನೆಂಟೂವರೆ ವಾಟಿನ ಸುತ್ತ ಏರುತ್ತದೆ, ಆದರೂ 25ರಿಂದ ದೂರವೇ.

ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಅಳೆದೆ. ಹೊಸ ವಾಲ್ವ್ ಮೊದಲ ಹಲವು ಗಂಟೆಗಳಲ್ಲಿ ಅತ್ತಿತ್ತ ಸರಿಯುತ್ತದೆ, ಆದ್ದರಿಂದ ನಾಲ್ಕೈದು ರಿಹರ್ಸಲ್ ಆದ ಮೇಲೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಎರಡು ವಾಲ್ವ್‌ಗಳ ನಡುವಿನ ಎರಡು ಮಿಲಿಆಂಪಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹತ್ತು ಹನ್ನೆರಡಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಎರಡು ಬದಿಗಳಲ್ಲಿ ಪರಸ್ಪರ ರದ್ದಾಗಬೇಕಿದ್ದ 100 ಹರ್ಟ್ಸ್‌ನ ಗುಂಯ್ ರದ್ದಾಗದೆ ಸ್ಪೀಕರಿಗೆ ಬರುತ್ತದೆ. ಡಬ್ಬಿಯ ಮೇಲೆ ಮಾರುವವರು ಅಂಟಿಸುವ ಅಂಕಿ ಅವರ ಯಂತ್ರದ ವೋಲ್ಟೇಜಿನಲ್ಲಿ ಬಂದದ್ದು. ಎರಡು ವಾಲ್ವ್ ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ, ನಿಮ್ಮ ಆಂಪಿನಲ್ಲಿ ಎಷ್ಟು ಎಳೆಯುತ್ತವೆ ಎಂದಲ್ಲ. ನೂರು ವಾಟ್‌ನ ಮಾರ್ಷಲ್‌ನಲ್ಲಿ ನಾಲ್ಕು ವಾಲ್ವ್ ಇರುತ್ತವೆ, ಎಡಗಡೆಯ ಎರಡು ಒಂದು ಪಕ್ಷ, ಬಲಗಡೆಯ ಎರಡು ಇನ್ನೊಂದು. ಅಲ್ಲಿ ನಾಲ್ಕೂ ಒಂದೇ ಇರಬೇಕೆಂಬ ಹಟ ಬೇಡ. ಮೂವತ್ತೆಂಟರ ಪಕ್ಕ ಮೂವತ್ನಾಲ್ಕು, ಮೂವತ್ತೇಳರ ಪಕ್ಕ ಮೂವತ್ತೈದು ಕೂರಿಸಿದರೆ ಎರಡೂ ಪಕ್ಷದ ಮೊತ್ತ ಸರಿಸಮ.

ತಂಪಿಗೆ ಇಟ್ಟರೆ ದನಿ ಸಾಯುತ್ತದೆ ಎಂಬ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ತೀರ ತಂಪಾದರೆ ಒಂದು ವಾಲ್ವ್ ಕೈಬಿಟ್ಟು ಇನ್ನೊಂದು ಹಿಡಿಯುವ ನಡುವೆ ಸಣ್ಣ ಕಂದಕ ಬೀಳುತ್ತದೆ. ಇದನ್ನು ಕೇಳಿ ಪತ್ತೆ ಹಚ್ಚಲು ಜೋರಾಗಿ ಬಾರಿಸಬೇಡಿ. ಕ್ಲೀನ್ ದನಿಯಲ್ಲಿ ಕೆಳತಂತಿಯ ಒಂದು ಸ್ವರ ಮೀಟಿ, ಅದು ತಾನಾಗಿ ಆರುವುದನ್ನು ಕೇಳಿ. ಬಾಲ ಕರಗುವ ಬದಲು ಮರಳು ಉಜ್ಜಿದಂತೆ ಒಡೆದರೆ ಬಯಾಸ್ ತಣ್ಣಗಾಗಿದೆ. ರಾಕ್ ನುಡಿಸುವವರಿಗೆ ಇನ್ನೊಂದು ಸಂಗತಿಯೂ ಉಂಟು: ಆಂಪನ್ನು ಪೂರ್ತಿ ಒದ್ದಾಗ ಗ್ರಿಡ್ಡುಗಳು ತಾವೇ ಕರೆಂಟ್ ಸೇದಿ, ಆ 0.022ರ ಕೆಪಾಸಿಟರ್‌ಗಳನ್ನು ತುಂಬಿ, ಬಯಾಸನ್ನು ಇನ್ನಷ್ಟು ಮೈನಸ್ಸಿಗೆ ತಳ್ಳುತ್ತವೆ. ಸುಮ್ಮನಿದ್ದಾಗಲೇ ಶೇಕಡಾ 45ರಲ್ಲಿ ಇದ್ದ ಆಂಪ್ ಪವರ್ ಕಾರ್ಡ್ ಬಾರಿಸಿದ ಮೇಲೆ ಅರೆಕ್ಷಣ ಉಸಿರುಕಟ್ಟಿದಂತೆ ಆಗುವುದು ಇದರಿಂದ. ಅರವತ್ತರಿಂದ ಅರವತ್ತೈದರ ನಡುವೆ ಈ ತೊಂದರೆ ನನಗೆ ಕೇಳಿಸಿಲ್ಲ. ಜೆಸಿಎಂ800ಕ್ಕೆ ನನ್ನ ತೀರ್ಪು ಅದೇ.

ಅಷ್ಟಕ್ಕೂ ಜೋರಾಗಿ ನುಡಿಸುವ ಆಂಪಿನಲ್ಲಿ ಇಎಲ್34 ಸಾಯುವುದು ಹೆಚ್ಚಾಗಿ ಬಯಾಸಿನಿಂದಲ್ಲ, ಸ್ಕ್ರೀನ್ ಗ್ರಿಡ್ಡಿನಿಂದ. ಪೂರ್ತಿ ಕ್ಲಿಪ್ ಆದಾಗ ಪ್ಲೇಟ್ ವೋಲ್ಟೇಜ್ ತಳ ಮುಟ್ಟುತ್ತದೆ, ಸ್ಕ್ರೀನ್ ಮಾತ್ರ ಮೇಲೆಯೇ ನಿಂತಿರುತ್ತದೆ. ಎಲೆಕ್ಟ್ರಾನುಗಳು ಆ ತೆಳ್ಳನೆಯ ತಂತಿಯ ಸುರುಳಿಗೇ ಮುಗಿಬೀಳುತ್ತವೆ. ಅದರ ಮಿತಿ ಬರೀ 8 ವಾಟ್. ಸುರುಳಿ ಕರಗಿ ಜೋತು ಪಕ್ಕದ ಗ್ರಿಡ್ಡಿಗೆ ತಗುಲಿದರೆ ಫ್ಯೂಸ್ ಹಾರುತ್ತದೆ. ಇದನ್ನು ತಡೆಯಲೆಂದೇ ಪ್ರತಿ ಸಾಕೆಟ್ಟಿನ ಮೇಲೆ ಒಂದು ಕಿಲೋಓಮ್‌ನ, 5 ವಾಟ್‌ನ ರೆಸಿಸ್ಟರ್ ಇರುತ್ತದೆ. ವಾಲ್ವ್ ಸತ್ತಾಗ ಅದೂ ಜೊತೆಗೆ ಸುಟ್ಟಿರುವ ಸಂಭವ ಹೆಚ್ಚು. ಹೊಸ ವಾಲ್ವ್ ಹಾಕಿದ ಮೇಲೆ ಒಂದು ಕಡೆ ಎರಡು ಮೂರು ಮಿಲಿಆಂಪ್ ಮಾತ್ರ ತೋರಿಸಿ ದನಿ ಬಡಕಲಾಗಿದ್ದರೆ ವಾಲ್ವ್ ಬೈಯುವ ಮುನ್ನ ಆ ರೆಸಿಸ್ಟರ್ ಅಳೆಯಿರಿ. ಹಾರಿದ ಫ್ಯೂಸಿನ ಜಾಗಕ್ಕೆ ದಪ್ಪ ಫ್ಯೂಸ್ ಹಾಕುವವರಿಗೆ ಮುಂದಿನ ಬಿಲ್ಲು ಟ್ರಾನ್ಸ್‌ಫಾರ್ಮರಿನದು.

ಗಾಜನ್ನು ನೋಡಿಯೂ ಕೆಲವು ತಿಳಿಯುತ್ತದೆ. ಗಾಜಿನ ಒಳಮೈಗೆ ಅಂಟಿದಂತಿರುವ ನೀಲಿ ಹೊಳಪು ನಿರುಪದ್ರವಿ. ದಾರಿತಪ್ಪಿದ ಎಲೆಕ್ಟ್ರಾನುಗಳು ಗಾಜಿಗೆ ಬಡಿದು ಹಾಗೆ ಕಾಣುತ್ತದೆ. ಪ್ಲೇಟಿನ ಒಳಗೆ ಗುಲಾಬಿ ನೇರಳೆ ಮಂಜು ತುಂಬಿದ್ದರೆ ಒಳಗೆ ಅನಿಲವಿದೆ, ಅದನ್ನು ಕಿತ್ತುಹಾಕಿ. ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಆನ್ ಮಾಡುವುದೇ ಬೇಡ.

ಕೊಳ್ಳುವಾಗ ಹೆಸರಿಗೆ ಮರುಳಾಗಬೇಡಿ. ಈಗ ಮಲ್ಲಾರ್ಡ್ ಎಂದು ಅಚ್ಚಾಗಿ ಬರುವ ಹೊಸ ಇಎಲ್34 ಬ್ಲ್ಯಾಕ್‌ಬರ್ನ್‌ನ ಹಳೆಯ ಕಾರ್ಖಾನೆಯದಲ್ಲ, ರಷ್ಯದ ಸರಾಟೊವ್‌ನದು. ಅದೇ ಕಾರ್ಖಾನೆಯಿಂದ ಸೊವ್‌ಟೆಕ್, ಟುಂಗ್‌ಸೋಲ್, ಎಲೆಕ್ಟ್ರೊ ಹಾರ್ಮೊನಿಕ್ಸ್ ಕೂಡ ಹೊರಬರುತ್ತವೆ. ಉಳಿದಂತೆ ಸ್ಲೊವಾಕಿಯಾದ ಜೆಜೆ, ಮತ್ತೆ ಚೀನಾದ ಕಾರ್ಖಾನೆಗಳು. 2022ರ ಯುದ್ಧದ ನಂತರ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು. ನಮ್ಮ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೊ ವಾಲ್ವ್ ಮಾಡುತ್ತಿತ್ತು. ಹಳೆಯ ರೇಡಿಯೊ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಅದರ ಇಸಿಸಿ83 ಈಗಲೂ ಸಿಕ್ಕಿದರೆ ಪ್ರಿಆಂಪ್‌ಗೆ ಬಿಡದೆ ಕೊಳ್ಳಿ. ಔಟ್‌ಪುಟ್‌ಗೆ ಅದರಿಂದ ಉಪಯೋಗವಿಲ್ಲ.

ಅಮೆರಿಕದಿಂದ ಬಂದ ಮಾರ್ಷಲ್ ಸಿಕ್ಕರೆ ಎಚ್ಚರ. 1980ರ ದಶಕದಲ್ಲಿ ಅಲ್ಲಿಗೆ ಹೋದ ಎಷ್ಟೋ ಜೆಸಿಎಂ800ಗಳಲ್ಲಿ ಇಎಲ್34 ಬದಲು 6550 ಇರುತ್ತಿತ್ತು. 6550ಗೆ ಇನ್ನೂ ಆಳದ ಮೈನಸ್ ಬೇಕು. ಇಎಲ್34ಗೆ ಹೊಂದಿಸಿದ ಆಂಪಿಗೆ ಅದನ್ನು ಸುಮ್ಮನೆ ಚುಚ್ಚಿದರೆ ಕರೆಂಟ್ ಕೈಮೀರುತ್ತದೆ. ಸಾಕೆಟ್ ಒಂದೇ ಆದರೂ ಬಯಾಸ್ ಜಾಲದ ರೆಸಿಸ್ಟರ್‌ಗಳನ್ನು ಬದಲಿಸದೆ ಅದಲುಬದಲು ಸಲ್ಲದು. ವಾಕ್ಸ್ ಎಸಿ30 ಇರುವವರಿಗೆ ಈ ಪ್ರಿಸೆಟ್ಟಿನ ತಾಪತ್ರಯವೇ ಇಲ್ಲ, ಕ್ಯಾಥೋಡಿನ ರೆಸಿಸ್ಟರ್ ತಾನೇ ಬಯಾಸ್ ಮಾಡುತ್ತದೆ. ಆದರೆ ಅಲ್ಲಿನ ಇಎಲ್84ಗಳು ಸದಾ ಮಿತಿಯ ಅಂಚಿನಲ್ಲಿ ದುಡಿಯುವುದರಿಂದ ಬೇಗ ಸವೆಯುತ್ತವೆ. ಮೆಸಾ ಬೂಗಿಯ ರೆಕ್ಟಿಫೈಯರ್‌ಗಳಲ್ಲಿ ಹೊಂದಿಸಲು ಪ್ರಿಸೆಟ್ಟೇ ಇಟ್ಟಿಲ್ಲ. ಕಂಪನಿ ಬಣ್ಣದ ಗುರುತಿಟ್ಟು ಮಾರುವ ವಾಲ್ವ್‌ಗಳೊಳಗೇ ಆರಿಸಿಕೊಳ್ಳಬೇಕು, ಹಾಕಿದ ಮೇಲೆ ಅಳೆದು ನೋಡುವುದನ್ನು ಮಾತ್ರ ಯಾರೂ ತಡೆದಿಲ್ಲ.

ಗೆಳೆಯನ ಆಂಪ್ ಮನೆಗೆ ಹೋಯಿತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ, 'ದೀಪ ಆರಿಸಿ ನೋಡ್ತಾ ಕೂತಿದೀನಿ ಮಾರಾಯ, ಕೆಂಪಿಲ್ಲ' ಎಂದ. ಚಾಸಿಯ ಒಳಗೆ ಅವನು ಅಂಟಿಸಿದ್ದ ಮೈನಸ್ 36.2ರ ಚೀಟಿಯನ್ನು ನಾನು ಕಿತ್ತು ಬೇರೊಂದು ಅಂಟಿಸಿದ್ದೆ: ತಾರೀಕು, ಮೈನ್ಸ್ 230, ಪ್ಲೇಟ್ 468, ಕ್ಯಾಥೋಡ್ 38 ಮತ್ತು 36. ಕೆಂಪಾಗಿದ್ದ ಆ ವಾಲ್ವ್ ಇನ್ನೂ ಅದರಲ್ಲೇ ಇದೆ, ಚೆನ್ನಾಗಿಯೇ ನುಡಿಯುತ್ತಿದೆ. ಕಿತ್ತ ಹಳೆಯ ಜೋಡಿಯನ್ನೂ ಎಸೆಯಲು ಬಿಡಲಿಲ್ಲ. 30 ಮತ್ತು 33 ಎಳೆಯುವ ವಾಲ್ವ್ ಸತ್ತ ವಾಲ್ವ್ ಅಲ್ಲ. ಡಬ್ಬಿಯ ಮೇಲೆ ಅಂಕಿ ಬರೆದು ಗಿಗ್ ಬ್ಯಾಗಿನಲ್ಲಿಡು, ಸ್ಟೇಜಿನ ಮೇಲೆ ಹೊಸದು ಕೈಕೊಟ್ಟ ದಿನ ಪ್ರಿಸೆಟ್ ಮುಟ್ಟದೆ ಹಾಕಬಹುದು ಎಂದೆ.